ಹೆಸರು ಹೇಳದ ಭಾಷಣವೂ ಒಂದು ಸೊಟ್ಟ ಡಬ್ಬಿಯೂ

ಮೈಕು ನನಗೆ ಹೊಸದಲ್ಲ. ಮೈಸೂರಿನ ಹೆಬ್ಬಾಳದ ರಬ್ಬರ್ ಕಾರ್ಖಾನೆಯೊಂದರಲ್ಲಿ ಮೂವತ್ತಾರು ವರ್ಷ ಪ್ರೆಸ್ ಮೆಷಿನ್ ಒತ್ತಿದ್ದೇನೆ, ಅದರಲ್ಲಿ ಇಪ್ಪತ್ತೈದು ವರ್ಷ ಯೂನಿಯನ್ನಿನ ಮೈಕೂ ಒತ್ತಿದ್ದೇನೆ. ಗೇಟ್ ಮೀಟಿಂಗು, ಡಿಸಿ ಕಚೇರಿ ಮುಂದೆ ಧರಣಿ, ಪೊಲೀಸ್ ವ್ಯಾನಿನ ಕಿಟಕಿಯಿಂದ ಮುಖ ಹೊರಹಾಕಿ ಮಾಡಿದ ಭಾಷಣ, ಎಲ್ಲ ಆಗಿದೆ. ಹಾಗಾಗಿ ನಿವೃತ್ತಿಯ ದಿನ ಹತ್ತಿರ ಬಂದಾಗ ಮನೆಯಲ್ಲಿ ಎದೆ ಸೆಟೆಸಿ ಘೋಷಿಸಿದೆ:

"ಈ ಕಾರ್ಖಾನೆ ಕಂಡು ಕೇಳರಿಯದ ವಿದಾಯ ಭಾಷಣ ಮಾಡ್ತೀನಿ. ಆರು ನಿಮಿಷ. ಎಲ್ಲರಿಗೂ ವಂದನೆ. ಒಂದೇ ಒಂದು ಹೆಸರು ಹೇಳಲ್ಲ!"

ನನ್ನ ಹೆಂಡತಿ ಬಸವಮ್ಮ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಲಿಲ್ಲ. "ನಿಮ್ಮ ಬಾಯಿಂದ ಧಿಕ್ಕಾರ ಬರೋದು ಕೇಳಿವ್ನಿ. ವಂದನೆ ಬರುತ್ತಾ ಅಂತ ನೋಡೋಣ ಬುಡಿ."

ಹೆಸರು ಬೇಡ ಎನ್ನಲು ಕಾರಣವಿತ್ತು. ಎರಡು ವರ್ಷದ ಹಿಂದೆ ನಮ್ಮ ದೇವಯ್ಯ ನಿವೃತ್ತನಾದ. ಜೇಬಿನಿಂದ ನಾಲ್ಕು ಹಾಳೆ ತೆಗೆದು ಎಂಬತ್ತೇಳು ಹೆಸರು ಓದಿದ. ನಲವತ್ತೆರಡು ನಿಮಿಷ! ಉಪ್ಪಿಟ್ಟು ಕಲ್ಲಾಯಿತು, ಶಿಫ್ಟ್ ಬಸ್ಸು ಹೋಯಿತು, ಜನ ರಿಂಗ್ ರೋಡಿನವರೆಗೆ ನಡೆದರು. ಇಷ್ಟೆಲ್ಲ ಮಾಡಿ ಬಾಯ್ಲರ್‌ನವನೊಬ್ಬನ ಹೆಸರು ಬಿಟ್ಟ. ಅವನು ಇವತ್ತಿಗೂ ದೇವಯ್ಯ ಎದುರು ಬಂದರೆ ರಸ್ತೆ ದಾಟುತ್ತಾನೆ. ಪಟ್ಟಿ ಓದಿದರೆ ಹೆಸರಿದ್ದ ಎಂಬತ್ತೇಳು ಜನ ಅದನ್ನು ಮರೆಯುತ್ತಾರೆ, ಹೆಸರಿಲ್ಲದ ಒಬ್ಬ ಸಾಯುವತನಕ ನೆನಪಿಡುತ್ತಾನೆ.

ಇನ್ನೊಂದು ಕಾರಣ ನನ್ನದೇ. ನಾನು ಮೈಕಿನಲ್ಲಿ ಹೆಸರು ಹೇಳಿದರೆ ನಮ್ಮ ಕಾರ್ಖಾನೆಯಲ್ಲಿ ಜನಕ್ಕೆ ನಡುಕ. ಅದರ ಕಥೆ ಹೀಗೆ.

ಇಪ್ಪತ್ತೆರಡು ವರ್ಷದ ಹಿಂದೆ ಮುಷ್ಕರ ಮುರಿಯಿತು. ಎಲ್ಲರನ್ನೂ ಒಳಗೆ ತೆಗೆದುಕೊಂಡು, ಮುಂದಾಳು ಅಂತ ನನ್ನೊಬ್ಬನನ್ನು ಸಸ್ಪೆಂಡ್ ಮಾಡಿದರು. ನನ್ನ ಜೊತೆ ಮಾತಾಡಿದವರಿಗೂ ಮೆಮೊ ಎಂದು ಬೋರ್ಡಿನಲ್ಲಿ ಅಂಟಿಸಿದರು. ನಾನು ಬ್ಯಾಟರಿ ಮೈಕು ಹಿಡಿದು ಗೇಟಿನ ಎದುರಿನ ಹೊಂಗೆ ಮರದ ಕೆಳಗೆ ಕೂತೆ. ನಲವತ್ತೆರಡು ದಿನ! ಬೆಳಗ್ಗೆ ಆರೂಕಾಲಿಗೆ ಶಿಫ್ಟ್ ಬಸ್ಸು ಬರುತ್ತಿತ್ತು. ಜನ ತಲೆ ತಗ್ಗಿಸಿಕೊಂಡು ಇಳಿಯುತ್ತಿದ್ದರು. ನಾನು ದಿನಕ್ಕೊಬ್ಬನನ್ನು ಆರಿಸಿ ಮೈಕಿನಲ್ಲಿ ಘೋಷಿಸುತ್ತಿದ್ದೆ: "ಇಂದಿನ ಹೇಡಿ... ಶ್ರೀಮಾನ್ ಚಿಕ್ಕಬಸವಯ್ಯ!" ಹೋಟೆಲ್ ಬೋರ್ಡಿನಲ್ಲಿ ಇಂದಿನ ವಿಶೇಷ ಬರೆದ ಹಾಗೆ. ನಲವತ್ತೆರಡು ದಿನ, ನಲವತ್ತೆರಡು ಹೇಡಿಗಳು. ಕೊನೆಗೆ ಲೇಬರ್ ಆಫೀಸಿನಲ್ಲಿ ರಾಜಿಯಾಗಿ ನನ್ನನ್ನೂ ಒಳಗೆ ತೆಗೆದುಕೊಂಡರು. ಎಲ್ಲರೂ ನಕ್ಕು ಮಾತಾಡಿದರು. ಆದರೆ ನಾನು ಮೈಕು ಹಿಡಿದಾಗೆಲ್ಲ ಹಳಬರು ಮಾತ್ರ ಹಿಂದಿನ ಸಾಲಿಗೆ ಸರಿಯುವುದು ನಿಲ್ಲಲಿಲ್ಲ.

ಇರಲಿ. ಭಾಷಣಕ್ಕೆ ಬರುತ್ತೇನೆ.

ಘೋಷಣೆ ಮಾಡಿದ ಮರುದಿನವೇ ಸುದ್ದಿ ಸೋರಿತು. ಸೋರಿಸಿದವನು ನನ್ನ ಪಕ್ಕದ ಮೆಷಿನ್ನಿನ ಸಿದ್ದೇಶ. ಹೊಸ ಹುಡುಗರಲ್ಲಿ ಚುರುಕು, ಬಾಯಿ ಮಾತ್ರ ತೂತು. ಟೀ ಬ್ರೇಕಿಗೆ ನನ್ನ ಸುತ್ತ ಸರದಿ ನಿಂತಿತು.

"ಯಾರ ಹೆಸರೂ ಹೇಳಲ್ವಂತೆ? ಒಳ್ಳೇದಾಯ್ತು ಬುಡು," ಎಂದ ಕರಿಬಸವಯ್ಯ. ಯೂನಿಯನ್ನಿನ ಈಗಿನ ಅಧ್ಯಕ್ಷ, ನನ್ನ ಜೊತೆಗೇ ಸೇರಿದವನು. ಆಮೇಲೆ ಕಿವಿಯ ಹತ್ತಿರ ಬಂದು, "ನನ್ನದೊಂದು ಹೇಳ್ಬುಡು ಕಣ್ಲಾ. ಅಧ್ಯಕ್ಷ ಅಲ್ವಾ, ಚೆನ್ನಾಗಿರಲ್ಲ."

"ಆಯ್ತು, ನಿಂದೊಂದು."

ಚಿಕ್ಕಬಸವಯ್ಯ ಬೆರಳು ತೋರಿಸಿದ. "ನನ್ನ ಹೆಸರು ಮೈಕಲ್ಲಿ ಇನ್ನೊಂದ್ಸಾರಿ ಬಂತೋ, ಪೇಟ ಹಾಕಿರೋ ತಲೆ ಅಂತಾನೂ ನೋಡಲ್ಲ!"

"ಆಯ್ತು, ನಿಂದು ಇಲ್ಲ."

ಹೀಗೆ "ಆಯ್ತು, ಆಯ್ತು" ಅಂದೇ ವಾರದಲ್ಲಿ ಇಪ್ಪತ್ತಮೂರು ಜನಕ್ಕೆ ಹೆಸರು ಹೇಳುವ ಮಾತು ಕೊಟ್ಟಿದ್ದೆ, ಹನ್ನೊಂದು ಜನಕ್ಕೆ ಹೇಳದಿರುವ ಮಾತು ಕೊಟ್ಟಿದ್ದೆ. ಮ್ಯಾನೇಜ್‌ಮೆಂಟಿನವರು ಕೊಡುವ ಭರವಸೆಗೂ ನನ್ನದಕ್ಕೂ ವ್ಯತ್ಯಾಸ ಉಳಿಯಲಿಲ್ಲ!

ಶನಿವಾರ ಸಂಜೆ ಹೂಟಗಳ್ಳಿಯ ನಮ್ಮ ಮನೆಯ ಹಾಲಿನಲ್ಲಿ ಮೊದಲ ತಾಲೀಮು. ಮಗಳು ನಯನಾ ಶಾಲೆಯಲ್ಲಿ ಟೀಚರ್. ಮೊಬೈಲಿನಲ್ಲಿ ಗಡಿಯಾರ ಓಡಿಸಿಕೊಂಡು ಕೂತಳು. ನಾನು ಇಪ್ಪತ್ತಮೂರು ಹೆಸರು ಓದಿದೆ. ಅವರ ಹೆಸರು ಹೇಳಿದ ಮೇಲೆ ಇವರದು ಬಿಡುವುದು ಹೇಗೆ? ಐವತ್ತಾಯಿತು. ಐವತ್ತು ಹೇಳಿ ಬಾಯ್ಲರ್ ಸೆಕ್ಷನ್ ಬಿಟ್ಟರೆ? ನೂರಾ ಹದಿನಾಲ್ಕಕ್ಕೆ ನಿಂತಿತು.

"ಹತ್ತೊಂಬತ್ತು ನಿಮಿಷ ಅಪ್ಪ. ಇನ್ನೂ ವಂದನೆಗಳು ಅನ್ನೋ ಪದ ಬಂದಿಲ್ಲ," ಎಂದಳು ನಯನಾ. "ಹಾಜರಿ ಕೂಗಿದ ಹಾಗಿತ್ತು. ನಾನು ಎರಡು ಸಲ ಪ್ರೆಸೆಂಟ್ ಅನ್ನೋದ್ರಲ್ಲಿದ್ದೆ."

ಎರಡನೇ ತಾಲೀಮಿಗೆ ಹೆಸರಿನ ಬದಲು ಟೋಕನ್ ನಂಬರ್ ಹಾಕಿದೆ. ನಮ್ಮಲ್ಲಿ ಪ್ರತಿಯೊಬ್ಬನಿಗೂ ಒಂದು ನಂಬರ್. "ನಾನೂರಾ ಹನ್ನೆರಡಕ್ಕೆ ನನ್ನ ನಮನ, ಇನ್ನೂರಾ ಏಳಕ್ಕೆ ನಾನು ಋಣಿ..."

"ಬಹುಮಾನ ಎಷ್ಟು ಲಕ್ಷ?" ಎಂದಳು ಬಸವಮ್ಮ.

ಮೂರನೆಯದರಲ್ಲಿ ಎಲ್ಲವನ್ನೂ ಕಿತ್ತು ಹಾಕಿದೆ. "ನನ್ನ ಏಳಿಗೆಗೆ ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಕೃತಜ್ಞತೆಗಳು." ಇಪ್ಪತ್ತು ಸೆಕೆಂಡ್. ಚಪ್ಪಾಳೆಗೆಂದು ಕಾದೆ.

ಬಸವಮ್ಮ ಮೊದಲ ಬಾರಿಗೆ ಮೆಷಿನ್ ನಿಲ್ಲಿಸಿದಳು. "ಇದು ಯಾವ ಅಂಗಡಿ ಕ್ಯಾಲೆಂಡರಿನಲ್ಲಿತ್ತು? ಸರ್ವರಿಗೂ ಅಂದ್ರೆ ಯಾರಿಗೂ ಇಲ್ಲ ಅಂತ ತಾನೇ?"

"ಮತ್ತೇನು ಮಾಡ್ಲಿ ಹೇಳು! ಹೆಸರು ಹೇಳಿದ್ರೆ ಪಟ್ಟಿ, ಹೇಳದಿದ್ರೆ ಕ್ಯಾಲೆಂಡರ್!"

"ಹೆಸರು ಬೇಡ ಕಣ್ರೀ, ಕೆಲಸ ಹೇಳಿ. ಯಾರು ಏನು ಮಾಡಿದ್ರು, ಅದು. ಎಲ್ಲಾನೂ ಬೇಡ. ಜೊತೇಲಿ ದುಡಿದೋರಿಗೆ ಒಂದು, ಚಿಕ್ಕೋರಿಗೆ ಒಂದು, ಮನೆಯೋರಿಗೆ ಒಂದು. ಕೇಳೋರಿಗೆ ಕಣ್ಣಿಗೆ ಕಟ್ಟಬೇಕು. ಮಾಡಿದೋರಿಗೆ ತಮ್ಮದು ಅಂತ ತಾನಾಗೇ ಗೊತ್ತಾಗುತ್ತೆ. ಮಾಡದೆ ಇದ್ದೋರಿಗೂ ನಾನೂ ಅಂಥದ್ದು ಮಾಡಿವ್ನಲ್ಲ ಅಂತ ನೆನಪಾಗುತ್ತೆ."

ಇಪ್ಪತ್ತೈದು ವರ್ಷ ಭಾಷಣ ಮಾಡಿದವನಿಗೆ ಬಟ್ಟೆ ಹೊಲಿಯುವವಳು ಕತ್ತರಿ ಹಾಕುವುದು ಕಲಿಸಿದಳು. ಅವತ್ತೇ ಒಪ್ಪಿಕೊಂಡೆ ಅಂದುಕೊಳ್ಳಬೇಡಿ. ಎರಡು ದಿನ ಮುಖ ಊದಿಸಿಕೊಂಡು ಓಡಾಡಿ, ಅದು ನನ್ನದೇ ಆಲೋಚನೆ ಎಂದು ನನಗೆ ನಂಬಿಕೆ ಬಂದ ಮೇಲೆ ಬರೆಯಲು ಕೂತೆ.

ಮನೆಯವರದು ಸುಲಭವಾಗಿ ಸಿಕ್ಕಿತು. ಚಿಕ್ಕವರದೂ ಸಿಕ್ಕಿತು. ಜೊತೆಯವರಿಗೆ ಏನು ಹೇಳುವುದು? ಆಗ ಹೊಳೆಯಿತು, ಡಬ್ಬಿ!

ಆ ನಲವತ್ತೆರಡು ದಿನ ಗೇಟಿನಲ್ಲಿ ಕೂತಾಗ ನಾನು ಮನೆಯಲ್ಲಿ ಒಂದು ವೀರಪ್ರತಿಜ್ಞೆ ಮಾಡಿದ್ದೆ: "ನನಗೆ ಮಧ್ಯಾಹ್ನದ ಬುತ್ತಿ ಕಟ್ಟಬೇಡ. ಮಗುವಿಗೆ ಇಡು. ಹೋರಾಟಗಾರನಿಗೆ ಹಸಿವೆಯಿಲ್ಲ!" ಬಸವಮ್ಮ "ಆಯ್ತು" ಅಂದಳು. ಇನ್ನೊಂದು ಸಲ ಕೇಳಲೂ ಇಲ್ಲ. ಒಂದು ಸಲವಾದರೂ ಬಲವಂತ ಮಾಡಬಹುದಿತ್ತು ಎಂದು ಮೊದಲ ದಿನ ಮಧ್ಯಾಹ್ನ ಒಂದು ಗಂಟೆಗೆ ತುಂಬಾ ಅನ್ನಿಸಿತು. ಎರಡನೇ ದಿನದಿಂದ ಪವಾಡ! ನಾನು ಮೂತ್ರಕ್ಕೆ ಹೋಗಿ ಬರುವಷ್ಟರಲ್ಲಿ ಹೊಂಗೆ ಮರದ ಬುಡದಲ್ಲಿ ಒಂದು ಸ್ಟೀಲ್ ಡಬ್ಬಿ. ಮುಚ್ಚಳದ ಒಂದು ಮೂಲೆ ಸೊಟ್ಟ. ತಿಂದು ಖಾಲಿ ಡಬ್ಬಿ ಅಲ್ಲೇ ಇಟ್ಟರೆ ಸಂಜೆಗೆ ಮಾಯ. ಮರುದಿನ ಅದೇ ಡಬ್ಬಿ ಮತ್ತೆ. ಒಂದು ದಿನ ಮುದ್ದೆ ಮತ್ತು ಹುರುಳಿ ಸಾರು, ಒಂದು ದಿನ ಚಿತ್ರಾನ್ನ, ಒಂದು ದಿನ ಒಣಮೀನು. ಒಮ್ಮೆ ಅಮೃತದ ಹಾಗೆ, ಒಮ್ಮೆ ಉಪ್ಪೋ ಉಪ್ಪು. ಯಾರೋ ಮಹಾನುಭಾವ, ಆತನ ಮನೆಯಲ್ಲಿ ಆಗಾಗ ಜಗಳ ಆಗುತ್ತದೆ, ಅಡುಗೆ ಕೆಡುತ್ತದೆ ಎಂದು ಲೆಕ್ಕ ಹಾಕಿದ್ದೆ. ಅದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಹೆಸರೇ ಗೊತ್ತಿಲ್ಲದವನಿಗೆ ವಂದನೆ ಹೇಳಿದರೆ ಯಾರೂ ತಕರಾರು ಮಾಡುವಂತಿಲ್ಲ! ನನ್ನ ಬುದ್ಧಿಗೆ ನಾನೇ ಬೆರಗಾದೆ.

ನಾಲ್ಕನೇ ತಾಲೀಮು ಐದು ನಿಮಿಷ ಐವತ್ತು ಸೆಕೆಂಡ್. ಡಬ್ಬಿಯ ಭಾಗ ಬಂದಾಗ ಬಸವಮ್ಮ ಸೂಜಿಗೆ ದಾರ ಪೋಣಿಸಲು ಬಹಳ ಹೊತ್ತು ತೆಗೆದುಕೊಂಡಳು.

ಸಮಾರಂಭದ ದಿನ. ಎಚ್‌ಆರ್‌ನ ವಾಣಿ ಮೇಡಂ ಮೊದಲೇ ಎಚ್ಚರಿಸಿದ್ದರು: "ಸರ್, ಎರಡೂವರೆಗೆ ಫಸ್ಟ್ ಶಿಫ್ಟ್ ಬಿಡುತ್ತೆ. ಸೆಕೆಂಡ್ ಶಿಫ್ಟನ್ನ ಅರ್ಧ ಗಂಟೆ ತಡವಾಗಿ ಶುರು ಮಾಡಿಸ್ತೀವಿ. ಮೂರಕ್ಕೆ ಸರಿಯಾಗಿ ಬಸ್ ಹೊರಡುತ್ತೆ. ನಿಮ್ಮದು ಕೊನೇ ಭಾಷಣ. ದಯವಿಟ್ಟು ದೇವಯ್ಯ ಸರ್ ತರ..."

"ಆರು ನಿಮಿಷ ಮೇಡಂ. ಏಳಾದ್ರೆ ಮೆಮೊ ಕೊಡಿ."

ಕ್ಯಾಂಟೀನ್ ಹಾಲಿನಲ್ಲಿ ಕುರ್ಚಿ ತುಂಬಿ ಜನ ಗೋಡೆಗೆ ಒರಗಿದ್ದರು. ನಿವೃತ್ತರಾದ ಹಳಬರೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಬಸವಮ್ಮ, ನಯನಾ. ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ತಲೆ ಮೇಲೆ ಒಂದು ಅಳತೆ ದೊಡ್ಡದಾದ ಮೈಸೂರು ಪೇಟ. ಮ್ಯಾನೇಜರ್ ನನ್ನನ್ನು "ಕಂಪನಿಯ ಆಸ್ತಿ" ಅಂದರು. ಸಸ್ಪೆಂಡ್ ಮಾಡಿದಾಗ ಬೋರ್ಡಿನಲ್ಲಿ ಬೇರೆ ಏನೋ ಬರೆದಿದ್ದರು. ಕರಿಬಸವಯ್ಯ ಮಾತಾಡಿ ಮುಗಿಸಿ, ನನ್ನ ಕಡೆ ಬೆರಳೆತ್ತಿ "ಒಂದು" ಎಂದು ಸನ್ನೆ ಮಾಡಿ ಕೂತ. ಚಿಕ್ಕಬಸವಯ್ಯ ಬಾಗಿಲ ಹತ್ತಿರ ಓಡಲು ಸಿದ್ಧನಾಗಿ ನಿಂತಿದ್ದ.

ಎರಡು ಐವತ್ತೆರಡು. ಮೈಕು ಹಿಡಿದೆ. ಹಿಂದಿನ ಸಾಲು ಇನ್ನೂ ಹಿಂದಕ್ಕೆ ಸರಿಯಿತು!

"ಬಂಧುಗಳೇ. ಈ ಮೈಕಿನಲ್ಲಿ ನಾನು ಬೇಕಾದಷ್ಟು ಹೆಸರು ಹೇಳಿದ್ದೇನೆ. ಒಂದೂ ಒಳ್ಳೆಯದಕ್ಕಲ್ಲ. ಹಾಗಾಗಿ ಇವತ್ತು ಯಾರ ಹೆಸರೂ ಹೇಳಲ್ಲ. ಆರಾಮಾಗಿ ಕೂತ್ಕೊಳ್ಳಿ."

ನಗು. ಗೋಡೆ ಬಿಟ್ಟು ನಾಲ್ಕು ಜನ ಕೂತರು.

"ಮೂರು ವರ್ಷದ ಹಿಂದೆ ಟಚ್ ಸ್ಕ್ರೀನ್ ಮೆಷಿನ್ ಬಂತು. ಮೊದಲ ದಿನವೇ ನಾನು ಏನೋ ಒತ್ತಿ ಇಡೀ ಲೈನ್ ನಿಲ್ಲಿಸಿದೆ. ಮಾರನೇ ದಿನ ಬಂದು ನೋಡಿದರೆ ಸ್ಕ್ರೀನಿನ ಪಕ್ಕ ಯಾರೋ ಕೈಯಲ್ಲಿ ಚಿತ್ರ ಬರೆದು ಅಂಟಿಸಿದ್ದರು. ಹಸಿರು ಗುಂಡಿಯ ಪಕ್ಕ ನಗುವ ಮುಖ. ಕೆಂಪು ಗುಂಡಿಯ ಪಕ್ಕ ನನ್ನ ಮುಖ! ನನಗೆ ಬರಲ್ಲ ಅಂತ ಯಾರ ಮುಂದೆಯೂ ಹೇಳದೆ ನನಗೆ ಕಲಿಸಿದರು. ಇಲ್ಲಿರುವ ಎಲ್ಲ ಚಿಕ್ಕವರಿಗೂ, ಆ ಚಿತ್ರದ ನೆಪದಲ್ಲಿ, ನನ್ನ ವಂದನೆ."

ಸಿದ್ದೇಶ ಕಿವಿಯವರೆಗೆ ಕೆಂಪಾದ. ಅವನ ಜೊತೆ ಹನ್ನೆರಡು ಹುಡುಗರೂ ಕೆಂಪಾದರು. ಬಸವಮ್ಮನ ಸೂತ್ರ ಕೆಲಸ ಮಾಡುತ್ತಿದೆ!

"ಮನೆಯವರು. ನನ್ನ ಮೇಲೆ ಮೂರು ಕೇಸಿತ್ತು. ಮೂರು ಸಲವೂ ಠಾಣೆಗೆ ಬಂದು ಬಿಡಿಸಿಕೊಂಡು ಹೋದವರು ಒಂದು ಹನಿ ಅಳಲಿಲ್ಲ. ಮೂರು ಸಲವೂ ಒಂದೇ ಪ್ರಶ್ನೆ: ಚಪ್ಪಲಿ ಎಲ್ಲಿ ಬಿಟ್ರಿ? ನಾನು ದೇಶ ತಿದ್ದಲು ಹೋಗಿ ಕಳೆದುಕೊಂಡು ಬಂದಿದ್ದನ್ನೆಲ್ಲ ಹುಡುಕಿ ತಂದವರಿಗೆ, ನಿಮ್ಮೆಲ್ಲರ ಮನೆಯಲ್ಲಿ ಹಾಗೆ ಹುಡುಕುವವರಿಗೆ, ನನ್ನ ವಂದನೆ."

ಚಪ್ಪಾಳೆ! ಬಸವಮ್ಮ ಸೆರಗು ಸರಿ ಮಾಡಿಕೊಂಡಳು. ಸಮಯ ನೋಡಿದೆ, ಎರಡು ಐವತ್ತಾರು. ಗೆದ್ದೆ ಎಂದುಕೊಂಡೆ.

"ಕೊನೆಗೆ ಜೊತೆಯವರು." ಹೊಂಗೆ ಮರ, ಸೊಟ್ಟ ಡಬ್ಬಿ, ಎಲ್ಲ ಹೇಳಿದೆ. "ಆ ಒಬ್ಬ ಮಹಾನುಭಾವ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇಲ್ಲೇ ಇರಬಹುದು, ತೀರಿಕೊಂಡಿರಬಹುದು. ಆ ಒಬ್ಬನಿಗೆ ನನ್ನ..."

ಬರೆದಿದ್ದ ಪ್ರಕಾರ ಇಲ್ಲಿ "ವಂದನೆ" ಎಂದು ಹೇಳಿ ಕೂರಬೇಕಿತ್ತು. ಆದರೆ ಇಪ್ಪತ್ತೈದು ವರ್ಷದ ಗೇಟ್ ಮೀಟಿಂಗಿನ ಚಟ! ಇಡೀ ಸಭೆ ಗಪ್‌ಚುಪ್ಪಾದದ್ದು ಕಂಡು ಮೈಯೊಳಗಿನ ಮುಖಂಡ ಎದ್ದು ಗುಡುಗಿದ:

"ಆ ಡಬ್ಬಿ ತಂದವರು ಕೈ ಎತ್ತಿ!"

ಒಂದು ಕೈ ಎದ್ದಿತು. ಬಾಗಿಲ ಹತ್ತಿರ. ಚಿಕ್ಕಬಸವಯ್ಯ!

ನಾನು ಬಾಯಿ ಬಿಡುವಷ್ಟರಲ್ಲಿ ಎಡಗಡೆ ಇನ್ನೊಂದು. ಹಿಂದೆ ಎರಡು. ಹಳಬರ ಸಾಲಿನಲ್ಲಿ ದೇವಯ್ಯ. ಕೈ ಎತ್ತಿದವರು ಪರಸ್ಪರ ನೋಡಿಕೊಂಡು ಕಣ್ಣು ಕಣ್ಣು ಬಿಡುತ್ತಿದ್ದರು.

"ಏಯ್, ಸುಳ್ಳು ಹೇಳ್ತೀಯಾ? ಡಬ್ಬಿ ತಂದಿದ್ದು ನಾನು ಕಣೋ!"

"ನೀನೆಲ್ಲಿ ತಂದೆ? ಗೋಡೆ ಹಾರಿ ಇಟ್ಟು ಬಂದೋನು ನಾನು! ಪ್ಯಾಂಟು ಹರಿದಿತ್ತು!"

"ಮುಚ್ಚಳ ಸೊಟ್ಟ ತಾನೇ? ನಾನೂ ತಂದಿವ್ನಿ!"

ಎಣಿಸಿದೆ. ಹದಿನೇಳು ಕೈ! ನಾನು ಮೈಕು ಹಿಡಿದು ಪೆದ್ದನ ಹಾಗೆ ನಿಂತಿದ್ದೆ. ಪೇಟ ಜಾರಿ ಕಣ್ಣು ಮುಚ್ಚಿತು. ಕತ್ತಲಲ್ಲಿ ನನಗೆ ಒಂದೇ ಒಂದು ವಿಷಯ ಸ್ಪಷ್ಟವಾಗಿ ಕಂಡಿತು: ಈ ಹದಿನೇಳೂ ನನ್ನ "ಇಂದಿನ ಹೇಡಿ"ಗಳು.

ಪೇಟ ಎತ್ತಿದಾಗ ಕ್ಯಾಂಟೀನಿನ ಶಿವನಂಜಮ್ಮ ಅಡುಗೆಮನೆಯಿಂದ ಬಂದು ನಿಂತಿದ್ದಳು. ಕೈಯಲ್ಲಿ ಸೊಟ್ಟ ಮುಚ್ಚಳದ ಸ್ಟೀಲ್ ಡಬ್ಬಿ. "ಜಗಳ ಯಾಕ್ರಪ್ಪಾ? ಡಬ್ಬಿ ನಂದು. ದಿನಾ ಸಂಜೆ ತೊಳೆದಿಟ್ಟು, ಮಾರನೇ ದಿನ ಊಟ ತಂದೋರಿಗೆ ತುಂಬೋಕೆ ಕೊಡ್ತಿದ್ದೆ. ಒಬ್ಬರದು ಇನ್ನೊಬ್ಬರಿಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ರು."

"ಯಾರು ಹಾಕಿಸ್ಕೊಂಡಿದ್ದು?"

"ಅದನ್ನೂ ಹೇಳಬಾರದು ಅಂತ ಆಣೆ!" ಎಂದಳು. ಆದರೆ ಕಣ್ಣು ಮುಂದಿನ ಸಾಲಿನ ಕಡೆ ಹೋಯಿತು.

"ಇಪ್ಪತ್ತೆರಡು ವರ್ಷ ಯಾಕ್ರೋ ಹೇಳಲಿಲ್ಲ?" ಎಂದು ಮೈಕಿನಲ್ಲೇ ಕೇಳಿಬಿಟ್ಟೆ.

"ಆವಾಗ ಮೆಮೊ ಭಯ," ಎಂದ ಚಿಕ್ಕಬಸವಯ್ಯ. "ಆಮೇಲೆ ನಿನ್ನ ಭಯ. ಹೇಳಿದ್ರೆ ಅದಕ್ಕೂ ಒಂದು ಗೇಟ್ ಮೀಟಿಂಗ್ ಮಾಡ್ತಿದ್ದೆ!"

ಸೂರು ಕಿತ್ತುಹೋಗುವ ನಗು. ಕರಿಬಸವಯ್ಯ ಮಾತ್ರ ನಗಲಿಲ್ಲ, ಎದ್ದು ನಿಂತು, "ನಾನು ಡಬ್ಬಿ ತಂದಿಲ್ಲ ಕಣ್ಲಾ. ಕೊನೇ ದಿನ ಬೈಸ್ಕೊಂಡೋನು ನಾನು. ಹುರುಳಿಕಾಳು ನೆನೆಹಾಕಿದ್ದೆ. ಅಷ್ಟರಲ್ಲಿ ನಿನ್ನ ಒಳಕ್ಕೆ ತಗೊಂಡ್ಬುಟ್ರು!" ಎಂದು ತಪ್ಪೊಪ್ಪಿಗೆ ಕೊಟ್ಟ. ಅವನಿಗೆ ಎಲ್ಲರಿಗಿಂತ ಜೋರು ಚಪ್ಪಾಳೆ ಬಿತ್ತು.

ನಾನು ಬರೆದ ಕೊನೆಯ ಸಾಲು ಜೇಬಿನಲ್ಲೇ ಉಳಿಯಿತು. ಬಾಯಿಗೆ ಬಂದದ್ದನ್ನು ಹೇಳಿದೆ: "ಒಬ್ಬನಿಗೆ ಹೇಳೋಣ ಅಂತ ಬಂದಿದ್ದೆ. ನೀವು ಇಷ್ಟು ಜನ. ಮೈಕಿನಲ್ಲಿ ಒಬ್ಬೊಬ್ಬರನ್ನೇ ಬೈದೆ. ವಂದನೆ ಮಾತ್ರ ಒಟ್ಟಿಗೆ ಹೇಳ್ತಿದ್ದೀನಿ. ತಗೊಳ್ಳಿ." ಪೇಟ ತೆಗೆದು ಬಗ್ಗಿದೆ.

ಆಮೇಲೆ ಆದದ್ದು ವಿಜಯೋತ್ಸವ! ಹದಿನೇಳು ಜನ ವೇದಿಕೆಗೆ ನುಗ್ಗಿ ನನ್ನನ್ನು ಎತ್ತಿದರು. ಯಾರೋ ನನ್ನ ಹೆಸರು ಹಿಡಿದು "ಸಣ್ಣಮಾದಯ್ಯನಿಗೆ" ಎಂದ, ಇಡೀ ಸಭೆ "ಜಿಂದಾಬಾದ್" ಎಂದಿತು. ಯಾರು ಯಾವ ದಿನ ಏನು ತಂದಿದ್ದರು ಎಂಬ ಗಲಾಟೆ ಉಪ್ಪಿಟ್ಟು, ಕೇಸರಿಬಾತಿನ ಜೊತೆ ಮುಂದುವರಿಯಿತು. ವಾಣಿ ಮೇಡಂ ಗಡಿಯಾರ ನೋಡಿ, ಜನವನ್ನು ನೋಡಿ, ಫೋನು ತೆಗೆದರು: "ಡ್ರೈವರಿಗೆ ಹೇಳಿ, ಬಸ್ ಹೊರಡೋದು ಬೇಡ. ಇಪ್ಪತ್ತು ನಿಮಿಷ ನಿಲ್ಲಲಿ."

ಕೇಳಿದಿರಾ! ಶಿಫ್ಟ್ ಬಿಟ್ಟ ಮೇಲೆ ಬಸ್ಸು ಹತ್ತು ನಿಮಿಷ ತಡೆದು ಬಿಡಿ ಎಂದು ಹದಿನೆಂಟು ವರ್ಷ ಬೇಡಿಕೆ ಪತ್ರದಲ್ಲಿ ಏಳನೇ ಸಾಲಿನಲ್ಲಿ ಬರೆದೆ. ಧರಣಿಗೆ ಸಿಗದದ್ದು ಒಂದು ವಂದನೆಗೆ ಸಿಕ್ಕಿತು, ಅದೂ ಡಬಲ್!

ಅದೇ ಬಸ್ಸಿನಲ್ಲಿ ಮನೆಗೆ ಹೊರಟೆವು. ತೊಡೆಯ ಮೇಲೆ ಪೇಟ, ಅದರೊಳಗೆ ಶಿವನಂಜಮ್ಮ ಕೊಟ್ಟ ಸೊಟ್ಟ ಡಬ್ಬಿ. ಪಕ್ಕದಲ್ಲಿ ಬಸವಮ್ಮ. ಹಿಂದಿನ ಸೀಟಿನಲ್ಲಿ ನಯನಾ. ನಾನು ಮೀಸೆ ತಿರುವಿದೆ.

"ಎಂಗಿತ್ತು ಭಾಷಣ? ಆರೇ ನಿಮಿಷ!"

"ಚೆನ್ನಾಗಿತ್ತು."

"ಆಣೆ ಹಾಕಿಸ್ಕೊಂಡಿದ್ದು ನೀನೇ ತಾನೇ?"

ಅವಳು ಕಿಟಕಿಯ ಕಡೆ ತಿರುಗಿದಳು. "ಬುತ್ತಿ ಬೇಡ ಅಂದ್ರಿ, ಆಯ್ತು ಅಂದೆ. ನಿಮ್ಮ ಮಾತು ಉಳಿಸಬೇಕಲ್ಲ."

"ಅವರಿಗೆಲ್ಲ ಪಾಳಿ ಹಂಚಿದ್ದು ಎಂಗೆ? ಪಟ್ಟಿ ಎಲ್ಲಿ ಸಿಕ್ತು ನಿಂಗೆ?"

"ನೀವೇ ಕೊಡ್ತಿದ್ರಲ್ಲ ದಿನಾ! ಸಂಜೆ ಮನೆಗೆ ಬಂದು, ಇವತ್ತು ಇಂಥೋನಿಗೆ ಹೇಡಿ ಅಂದೆ, ಎಂಗೆ ತಲೆ ತಗ್ಗಿಸಿದ ಗೊತ್ತಾ ಅಂತ ಕುಣೀತಿದ್ರಿ. ನಾನು ಹೊಲಿದ ಬಟ್ಟೆ ಕೊಟ್ಟು ಬತ್ತೀನಿ ಅಂತ ಹೋಗಿ, ಅವರ ಬಾಗಿಲು ತಟ್ಟಿ, ನಾಳೆ ಡಬ್ಬಿ ನಿಮ್ಮದು ಅಂತ ಹೇಳಿ ಬತ್ತಿದ್ದೆ. ಬೈಸ್ಕೊಂಡೋರು ಯಾರೂ ಇಲ್ಲ ಅನ್ನಲಿಲ್ಲ."

ಬಸ್ಸು ಹೂಟಗಳ್ಳಿ ಕಡೆ ತಿರುಗಿತು. ನನ್ನ ಮೀಸೆ ತಾನಾಗಿಯೇ ಇಳಿಯಿತು. ಆದರೂ ಒಂದು ಅನುಮಾನ ಉಳಿದಿತ್ತು.

"ಕೆಲವು ದಿನ ಉಪ್ಪು ಯಾಕೆ ಅಷ್ಟೊಂದು?"

"ಅದಾ? ಕೆಲವು ದಿನ ನೀವು ಬೈದಿದ್ದೂ ಜಾಸ್ತಿ."

ಹಿಂದಿನ ಸೀಟಿನಲ್ಲಿ ನಯನಾ ಕೆಮ್ಮಿದಳು. ನಾನು ಗಂಟಲು ಸರಿಮಾಡಿಕೊಂಡು, ಭಾಷಣದಲ್ಲಿ ಹೇಳಿದ ವಂದನೆಯನ್ನು ಮೈಕಿಲ್ಲದೆ ಹೇಳಲು ನೋಡಿದೆ. ಬರಲೊಲ್ಲದು. ಬಸವಮ್ಮ ಡಬ್ಬಿ ಎತ್ತಿ ನನ್ನ ಕೈಗಿಟ್ಟಳು.

"ಬುಡಿ, ಬಾಯಲ್ಲಿ ಬೇಡ. ನಲವತ್ತೊಂದು ಮನೆಗೆ ಡಬ್ಬಿ ವಾಪಸ್ ಹೋಗಬೇಕು. ನಾಳೆಯಿಂದ ದಿನಕ್ಕೊಂದು. ನಿಮಗೂ ಬಿಡುವು. ಯಾರು ಅಡುಗೆ ಮಾಡಬೇಕು ಅಂತ ನಾನು ಹೆಸರು ಹೇಳಲ್ಲ, ಕೆಲಸ ಮಾತ್ರ ಹೇಳ್ತೀನಿ: ಮನೆಗೆ ಹೋದ ತಕ್ಷಣ ಹುರುಳಿಕಾಳು ನೆನೆಹಾಕಿ."

ನೆನೆಹಾಕಿದೆ. ಉಪ್ಪು ಎಷ್ಟು ಎಂದು ಕೇಳುವ ಧೈರ್ಯ ಬರಲಿಲ್ಲ.